ಡ್ರಮ್ ಖಾಲಿ ಮಾಡಿದ್ರೂ ಮತ್ತೆ ಸೊಳ್ಳೆ ಹುಳ ಯಾಕೆ? ವಿಜ್ಞಾನ ದಿನದ ಭಾಷಣದಲ್ಲಿ ವಿದ್ಯಾರ್ಥಿನಿ ಕೊಟ್ಟ ಉತ್ತರ

ಫೆಬ್ರವರಿ 28 ಬಂತು ಅಂದ್ರೆ ಶಾಲೆಗಳಲ್ಲಿ ವಿಜ್ಞಾನ ದಿನ. ಸರ್ ಸಿ.ವಿ. ರಾಮನ್ ಅವರು 1928ರಲ್ಲಿ ರಾಮನ್ ಪರಿಣಾಮವನ್ನು ಕಂಡುಕೊಂಡ ದಿನದ ನೆನಪಿಗೆ ಮಾಡುವ ಆಚರಣೆ ಇದು. ಮಕ್ಕಳ ಭಾಷಣ ಸಾಮಾನ್ಯವಾಗಿ ರಾಕೆಟ್, ಸೌರಶಕ್ತಿ, ಮೊಬೈಲ್ ಸುತ್ತ ಇರುತ್ತೆ. ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿ ವಿದ್ಯಾರ್ಥಿನಿ ಮಾತ್ರ ತನ್ನ ಮನೆಯ ಬಚ್ಚಲ ಪಕ್ಕದ ನೀಲಿ ಡ್ರಮ್ಮನ್ನೇ ವಿಷಯ ಮಾಡಿಕೊಂಡಳು. ಕೈಯಲ್ಲಿ ಒಂದು ಕಪ್ಪು ಮಗ್ ಮತ್ತು ಒಂದು ತುಂಡು ಬಟ್ಟೆ ಹಿಡಿದು ವೇದಿಕೆ ಹತ್ತಿದಳು.

ಮಾತು ಶುರುವಾಗಿದ್ದು ಹೀಗೆ: "ಹೋದ ವರ್ಷ ನನ್ನ ತಮ್ಮನಿಗೆ ಡೆಂಗಿ ಬಂದಿತ್ತು. ಆರು ದಿನ ಆಸ್ಪತ್ರೇಲಿದ್ದ. ಊರಿಗೆ ಬಂದ ಮೇಲೆ ನಮ್ಮಪ್ಪ ಮನೆ ಮುಂದಿನ ಚರಂಡೀನೆಲ್ಲ ಕ್ಲೀನ್ ಮಾಡಿಸಿದ್ರು. ಡ್ರಮ್ಮನ್ನ ಯಾರೂ ನೋಡ್ಲಿಲ್ಲ. ಸೊಳ್ಳೆ ಇದ್ದಿದ್ದು ಡ್ರಮ್ಮಲ್ಲಿ."

ಆಕೆಯ ಭಾಷಣದ ಸಾರ ಒಂದೇ ಮಾತಿನಲ್ಲಿ ಹೇಳಬಹುದು. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ನೀರಿನೊಳಗಲ್ಲ, ನೀರಿಗಿಂತ ಸ್ವಲ್ಪ ಮೇಲೆ ಡ್ರಮ್ಮಿನ ಒಳಗೋಡೆಗೆ. ಹಾಗಾಗಿ ನೀರು ಚೆಲ್ಲಿದರೆ ಹುಳ ಹೋಗುತ್ತೆ, ಮೊಟ್ಟೆ ಉಳಿಯುತ್ತೆ. ವಾರ ವಾರ ನೀರು ಬದಲಾಯಿಸುವ ಮನೆಗಳಲ್ಲೂ ಮತ್ತೆ ಮತ್ತೆ ಹುಳ ಕಾಣಿಸಿಕೊಳ್ಳಲು ಇದೇ ಕಾರಣ. ಆಕೆ ಹೇಳಿದ ವಿಷಯವನ್ನು, ಮನೆಯವರಿಗೂ ಅಂಗಡಿಯವರಿಗೂ ಬೇಕಾದ ಮಾಹಿತಿ ಸೇರಿಸಿ, ಇಲ್ಲಿ ಕೊಡಲಾಗಿದೆ.

ಚರಂಡಿ ಸೊಳ್ಳೆ ಬೇರೆ, ಡ್ರಮ್ ಸೊಳ್ಳೆ ಬೇರೆ

ಸೊಳ್ಳೆ ಅಂದ ಕೂಡಲೇ ಎಲ್ಲರೂ ಚರಂಡಿ ಕಡೆ ಬೆರಳು ತೋರಿಸ್ತಾರೆ. ಅದರಲ್ಲಿ ಅರ್ಧ ಸತ್ಯ ಇದೆ. ಕೊಳಚೆ ನೀರಲ್ಲಿ ಹುಟ್ಟಿ ರಾತ್ರಿ ಕಿವಿ ಹತ್ತಿರ ಗುಂಯ್ ಅನ್ನೋ ಸೊಳ್ಳೆ ಹೆಚ್ಚಾಗಿ ಕ್ಯುಲೆಕ್ಸ್ ಜಾತಿಯದು. ಅದು ಡೆಂಗಿ ಹರಡೋದಿಲ್ಲ. ಡೆಂಗಿ ಮತ್ತು ಚಿಕೂನ್‌ಗುನ್ಯಾ ಹರಡುವುದರಲ್ಲಿ ಮುಖ್ಯವಾದದ್ದು ಈಡಿಸ್ ಈಜಿಪ್ಟೈ. 2006ರಲ್ಲಿ ರಾಜ್ಯದ ಊರೂರುಗಳಲ್ಲಿ ಜನ ಕೈಕಾಲು ಕೀಲು ಹಿಡಿದುಕೊಂಡು ಮಲಗಿದ್ದನ್ನು ಹಿರಿಯರು ಮರೆತಿಲ್ಲ. ಅದೂ ಈ ಸೊಳ್ಳೆಯ ಕೆಲಸವೇ.

ಈಡಿಸ್ ಕಪ್ಪಗಿರುತ್ತೆ, ಕಾಲಿನ ಮೇಲೆ ಬಿಳಿ ಪಟ್ಟಿ ಇರುತ್ತೆ. ಕಚ್ಚೋದು ಹಗಲಲ್ಲಿ, ಅದರಲ್ಲೂ ಬೆಳಗ್ಗೆ ಬಿಸಿಲೇರುವ ಮುಂಚೆ ಮತ್ತು ಸಂಜೆ ಕತ್ತಲಾಗುವ ಮುಂಚೆ ಜಾಸ್ತಿ. ಹುಟ್ಟಿದ ಮನೆಯಿಂದ ಬಹಳ ದೂರ ಹೋಗೋದಿಲ್ಲ. ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಸಂದಿಯಲ್ಲಿ, ಬಚ್ಚಲಿನ ಮೂಲೆಯಲ್ಲಿ ಕೂತಿರುತ್ತೆ. ಮೊಟ್ಟೆ ಇಡಲು ಅದು ಹುಡುಕೋದು ಚರಂಡಿ ನೀರನ್ನಲ್ಲ. ನೆರಳಿನಲ್ಲಿ ಅಲುಗಾಡದೆ ನಿಂತ, ನೋಡಲು ಸ್ವಚ್ಛವಾಗಿರುವ ನೀರನ್ನು. ಕುಡಿಯೋಕೆ, ಸ್ನಾನಕ್ಕೆ ಅಂತ ಜನ ಜೋಪಾನವಾಗಿ ಹಿಡಿದಿಟ್ಟ ನೀರೇ ಅದಕ್ಕೆ ಹೇಳಿ ಮಾಡಿಸಿದ ಜಾಗ.

"ನಮ್ಮನೆ ನೀರು ಕ್ಲೀನ್ ಇದೆ, ಸೊಳ್ಳೆ ಆಗಲ್ಲ ಅಂತ ನಮ್ಮವ್ವ ಹೇಳ್ತಿದ್ರು. ಕ್ಲೀನ್ ಇದ್ದಿದ್ದಕ್ಕೇ ಆಗಿದ್ದು," ಎಂದಾಗ ಹಿಂದಿನ ಬೆಂಚಿನಲ್ಲಿದ್ದ ಪೋಷಕರು ನಕ್ಕರು.

ಎಂಟು ದಿನಕ್ಕೊಮ್ಮೆ ನೀರು: ಡ್ರಮ್ಮೊಳಗೆ ನಡೆಯೋದೇನು?

ಭಾಷಣದ ಮುಖ್ಯ ಭಾಗ ಇದು. ಆಕೆಯ ಮನೆಗೆ ನಲ್ಲಿ ನೀರು ಬರೋದು ಎಂಟು ದಿನಕ್ಕೊಮ್ಮೆ. ಬಯಲುಸೀಮೆಯ ಬಹಳಷ್ಟು ಊರುಗಳಲ್ಲಿ ಬೇಸಿಗೆಯ ಕಥೆ ಹೀಗೇ. ಇರೋದು 200 ಲೀಟರಿನ ಒಂದು ಪ್ಲಾಸ್ಟಿಕ್ ಡ್ರಮ್. ಒಂದು ಸೋಮವಾರ ಅದನ್ನು ಕಂಠಮಟ್ಟ ತುಂಬಿಸಿದರು ಅಂದುಕೊಂಡು ಆಕೆ ದಿನಗಳನ್ನು ಬೋರ್ಡಿನ ಮೇಲೆ ಬರೆದಳು.

ಮಂಗಳವಾರ, ಬುಧವಾರ ಮನೆಯವರು ಚೊಂಬಿನಲ್ಲಿ ತೋಡಿಕೊಂಡಂತೆ ನೀರು ಇಳಿಯುತ್ತೆ. ಇಳಿದ ಕಡೆ ಒಳಗೋಡೆ ಒದ್ದೆಯಾಗಿ, ತಣ್ಣಗೆ ಇರುತ್ತೆ. ರಕ್ತ ಹೀರಿದ ಹೆಣ್ಣು ಸೊಳ್ಳೆ ಎರಡು ಮೂರು ದಿನ ಬಿಟ್ಟು ಮೊಟ್ಟೆಗೆ ಜಾಗ ಹುಡುಕುತ್ತೆ. ಗಂಡು ಸೊಳ್ಳೆ ಕಚ್ಚೋದೇ ಇಲ್ಲ. ಹೆಣ್ಣಿಗೆ ಮೊಟ್ಟೆ ಬೆಳೆಸಲು ರಕ್ತ ಬೇಕು. ಅದು ಡ್ರಮ್ಮಿನ ಒದ್ದೆ ಗೋಡೆಯ ಮೇಲೆ ಕೂತು, ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಒಂದೊಂದಾಗಿ ಮೊಟ್ಟೆ ಅಂಟಿಸುತ್ತೆ. ಒಂದು ಸರತಿಗೆ ಹೆಚ್ಚುಕಮ್ಮಿ ನೂರು. ಎಲ್ಲವನ್ನೂ ಒಂದೇ ಕಡೆ ಇಡೋದಿಲ್ಲ. ಡ್ರಮ್ಮಿಗೆ ಒಂದಷ್ಟು, ಹಂಡೆಗೆ ಒಂದಷ್ಟು, ಹಿತ್ತಲಿನ ಒಡೆದ ಬಕೆಟ್ಟಿಗೆ ಒಂದಷ್ಟು ಹಂಚಿಬಿಡುತ್ತೆ. ಇಟ್ಟಾಗ ಬೆಳ್ಳಗಿರುವ ಮೊಟ್ಟೆ ಕೆಲವೇ ಗಂಟೆಯಲ್ಲಿ ಕಪ್ಪಾಗುತ್ತೆ. ಗಸಗಸೆ ಕಾಳಿಗಿಂತಲೂ ಸಣ್ಣದು. ನೋಡಿದರೆ ಕೊಳೆ ಅನ್ನಿಸುತ್ತೆ, ಅಷ್ಟೇ.

ಗುರುವಾರ, ಶುಕ್ರವಾರ ನೀರು ಇನ್ನೂ ಕೆಳಗಿಳಿದಿರುತ್ತೆ. ಮೊಟ್ಟೆ ಮೇಲೆಯೇ ಉಳಿದು ಒಣಗುತ್ತೆ. ಸತ್ತುಹೋಯಿತು ಅಂತ ಅಂದುಕೊಳ್ಳೋ ಹಾಗಿಲ್ಲ. ಎರಡು ದಿನ ತೇವದಲ್ಲಿದ್ದು ಒಳಗಿನ ಮರಿ ಬೆಳೆದುಬಿಟ್ಟರೆ, ಆಮೇಲೆ ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಜೀವ ಹಿಡಿದುಕೊಂಡಿರುತ್ತೆ. ಬೇಸಿಗೆಯಲ್ಲಿ ಮೂಲೆಗೆ ಬೋರಲು ಹಾಕಿದ ಡ್ರಮ್ಮನ್ನು ಜೂನಲ್ಲಿ ತೆಗೆದು ನೀರು ತುಂಬಿಸಿದರೂ ಹುಳ ಬರಬಹುದು. ಮಳೆಗಾಲದ ಮೊದಲ ವಾರಗಳಲ್ಲೇ ಸೊಳ್ಳೆ ಇದ್ದಕ್ಕಿದ್ದಂತೆ ಏರಲು ಇದೂ ಒಂದು ಕಾರಣ.

ಮುಂದಿನ ಮಂಗಳವಾರ ನಲ್ಲಿ ಬರುತ್ತೆ. ತಳದಲ್ಲಿ ನಾಲ್ಕು ಬೆರಳು ನೀರು ಉಳಿದಿದ್ದರೂ ಚೆಲ್ಲಲು ಮನಸ್ಸು ಬರೋದಿಲ್ಲ, ಅದರ ಮೇಲೇ ತುಂಬಿಸ್ತಾರೆ. ನೀರು ಮೇಲೇರಿ ಗೋಡೆಯ ಮೊಟ್ಟೆಗಳನ್ನು ಮುಳುಗಿಸುತ್ತೆ. ಒಡೆಯಲು ಅವು ಕಾಯುತ್ತಿದ್ದದ್ದೇ ಇದಕ್ಕೆ. ಕೆಲವು ಅದೇ ದಿನ ಒಡೆಯುತ್ತವೆ. ಇನ್ನು ಕೆಲವು ಹಾಗೇ ಉಳಿದು ಎರಡನೇ, ಮೂರನೇ ಸಲ ಮುಳುಗಿದಾಗ ಒಡೆಯುತ್ತವೆ. ಅಂದರೆ ಒಂದೇ ಸೊಳ್ಳೆ ಒಂದೇ ಸಲ ಇಟ್ಟ ಮೊಟ್ಟೆ, ನಾಲ್ಕಾರು ನೀರಿನ ಸರದಿಗೆ ಕಂತು ಕಂತಾಗಿ ಹುಳ ಕೊಡಬಹುದು.

ಹುಟ್ಟಿದ ಹುಳ, ಪುಸ್ತಕದ ಮಾತಲ್ಲಿ ಲಾರ್ವಾ, ನೀರಿನ ಸಣ್ಣ ಜೀವಿಗಳನ್ನೂ ಪಾಚಿಯನ್ನೂ ತಿಂದು ಐದಾರು ದಿನದಲ್ಲಿ ನಾಲ್ಕು ಹಂತ ಬೆಳೆಯುತ್ತೆ. ಆಮೇಲೆ ಅಲ್ಪವಿರಾಮದ ಹಾಗೆ ಬಾಗಿದ ಪ್ಯೂಪಾ ಆಗುತ್ತೆ. ಅದು ಏನೂ ತಿನ್ನೋದಿಲ್ಲ, ಆದರೆ ಚುರುಕಾಗಿ ಓಡಾಡುತ್ತೆ. ಎರಡು ದಿನಕ್ಕೆ ಅದರ ಬೆನ್ನು ಸೀಳಿ ಸೊಳ್ಳೆ ಹೊರಬರುತ್ತೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಒಡೆದದ್ದರಿಂದ ಹಾರುವವರೆಗೆ ಏಳರಿಂದ ಹತ್ತು ದಿನ. ಚಳಿಗಾಲದಲ್ಲಿ ಇನ್ನೂ ನಿಧಾನ.

"ಎಂಟು ದಿನಕ್ಕೊಮ್ಮೆ ನೀರು, ಎಂಟು ದಿನಕ್ಕೊಮ್ಮೆ ಸೊಳ್ಳೆ. ನಮ್ಮನೆ ಲೆಕ್ಕ, ಸೊಳ್ಳೆ ಲೆಕ್ಕ ಎರಡೂ ಒಂದೇ ಆಗ್ಬಿಟ್ಟಿತ್ತು," ಎಂದು ಆಕೆ ಬೋರ್ಡಿನ ಮೇಲಿನ ದಿನಗಳ ಸುತ್ತ ಗೆರೆ ಎಳೆದಳು.

ಎಲ್ಲಿ ತಪ್ಪಿತು?

ಈ ಲೆಕ್ಕದಲ್ಲಿ ಮನೆಯವರ ತಪ್ಪು ಎರಡು ಕಡೆ ಇದೆ. ಮೊದಲನೆಯದು ತಳದ ನೀರು. ಹುಳಗಳು ಬೆದರಿದಾಗ ಕೆಳಕ್ಕೆ ಮುಳುಗುತ್ತವೆ. ಮೇಲಿನ ನೀರೆಲ್ಲ ಖರ್ಚಾದರೂ ಅವು ತಳದ ನಾಲ್ಕು ಬೆರಳು ನೀರಲ್ಲಿ ಉಳಿದುಕೊಳ್ಳುತ್ತವೆ. ಅದರ ಮೇಲೇ ಹೊಸ ನೀರು ಬಿದ್ದರೆ ಹಿಂದಿನ ಸರದಿಯ ಹುಳಕ್ಕೆ ಇನ್ನೆಂಟು ದಿನ ಸಿಕ್ಕ ಹಾಗೆ.

ಎರಡನೆಯದು ಗೋಡೆ. ತಳದ ನೀರನ್ನು ಚೆಲ್ಲಿ, ಒಂದು ಚೊಂಬು ನೀರಲ್ಲಿ ಗಲಬರಿಸಿ "ತೊಳೆದಾಯ್ತು" ಅನ್ನುವವರಿದ್ದಾರೆ. ಮೊಟ್ಟೆ ಅಂಟಿನಿಂದ ಕೂತಿರುತ್ತೆ, ಗಲಬರಿಸಿದರೆ ಬಿಡೋದಿಲ್ಲ. ತೆಂಗಿನ ನಾರು ಅಥವಾ ಬ್ರಷ್‌ನಿಂದ ಉಜ್ಜಲೇಬೇಕು. ಅದರಲ್ಲೂ ನೀರು ಏರಿಳಿದು ಗೆರೆ ಬಿದ್ದಿರುವ ಜಾಗದಲ್ಲಿ, ಕಂಠದ ಒಳ ಅಂಚಿನಲ್ಲಿ. ಸಿಮೆಂಟ್ ತೊಟ್ಟಿಯ ಗೋಡೆ ಒರಟಾಗಿರೋದರಿಂದ ಮೊಟ್ಟೆಗೆ ಹಿಡಿತ ಜಾಸ್ತಿ, ಅಲ್ಲಿ ಇನ್ನೂ ಗಟ್ಟಿಯಾಗಿ ಉಜ್ಜಬೇಕು.

ಬಟ್ಟೆಯ ಮೇಲೆ ಕಂಡ ಕಪ್ಪು ಚುಕ್ಕೆ

ಮೊಟ್ಟೆ ಗೋಡೆಯಲ್ಲಿರುತ್ತೆ ಅನ್ನೋದನ್ನು ಬಾಯಲ್ಲಿ ಹೇಳಿದರೆ ನಂಬೋದು ಕಷ್ಟ. ಅದಕ್ಕೇ ಆಕೆ ಮಗ್ ಮತ್ತು ಬಟ್ಟೆ ತಂದಿದ್ದಳು. ವಿಜ್ಞಾನ ಮೇಷ್ಟ್ರು ಹೇಳಿಕೊಟ್ಟಂತೆ ಕಪ್ಪು ಮಗ್ಗಿಗೆ ಅರ್ಧ ನೀರು ಹಾಕಿ, ಒಳಗೋಡೆಗೆ ಒರಟು ಬಿಳಿ ಬಟ್ಟೆಯ ಪಟ್ಟಿಯನ್ನು ಅರ್ಧ ನೀರಲ್ಲಿ, ಅರ್ಧ ಮೇಲೆ ಇರುವಂತೆ ಸಿಕ್ಕಿಸಿ, ಬಚ್ಚಲ ಪಕ್ಕದ ನೆರಳಲ್ಲಿ ಇಟ್ಟಿದ್ದಳು. ಐದನೇ ದಿನ ತೆಗೆದಾಗ ನೀರಿನ ಅಂಚಿನುದ್ದಕ್ಕೂ ಕಪ್ಪು ಚುಕ್ಕೆಗಳ ಸಾಲು. ಲೆನ್ಸ್ ಹಿಡಿದಾಗ ಉದ್ದುದ್ದ ಮೊಟ್ಟೆಗಳು ಬಿಡಿಬಿಡಿಯಾಗಿ ಕಂಡವು. ಸಂಶೋಧಕರು ಸೊಳ್ಳೆ ಇದೆಯೋ ಇಲ್ಲವೋ ತಿಳಿಯಲು ಬಳಸುವ ವಿಧಾನವೂ ಇದೇ.

ಬೇರೆ ಶಾಲೆಯ ಮಕ್ಕಳು ಇದನ್ನು ಮಾಡುವುದಾದರೆ ಒಂದು ಎಚ್ಚರಿಕೆ ಇದೆ. ಐದು ದಿನಕ್ಕಿಂತ ಹೆಚ್ಚು ಇಡಬಾರದು, ಮರೆತರೆ ಮಗ್ಗೇ ಸೊಳ್ಳೆ ಸಾಕುವ ಜಾಗ ಆಗುತ್ತೆ. ನೀರನ್ನು ಬಿಸಿಲು ಬೀಳುವ ಒಣ ನೆಲಕ್ಕೆ ಚೆಲ್ಲಬೇಕು. ಬಟ್ಟೆ ಮತ್ತು ಮಗ್ಗಿಗೆ ದೊಡ್ಡವರ ಕೈಯಲ್ಲಿ ಕುದಿಯುವ ನೀರು ಹಾಕಿಸಬೇಕು. ಆಕೆ ತಂದ ಬಟ್ಟೆಯನ್ನೂ ಮೇಷ್ಟ್ರು ಮೊದಲೇ ಕುದಿಯುವ ನೀರಲ್ಲಿ ಅದ್ದಿದ್ದರು.

ಟಾರ್ಚ್ ಹಿಡಿದು ನೋಡುವುದು ಹೇಗೆ?

"ನಮ್ ಡ್ರಮ್ಮಲ್ಲಿ ಹುಳ ಇಲ್ಲ" ಅನ್ನುವವರು ಹೆಚ್ಚಿನವರು ಸರಿಯಾಗಿ ನೋಡಿರೋದಿಲ್ಲ. ಹುಳ ಉಸಿರಾಡೋದು ಬಾಲದ ತುದಿಯ ಕೊಳವೆಯಿಂದ. ಹಾಗಾಗಿ ತಲೆ ಕೆಳಗೆ ಮಾಡಿ ನೀರಿನ ಮೇಲ್ಮೈಗೆ ನೇತಾಡುತ್ತಿರುತ್ತೆ. ಮುಚ್ಚಳ ತೆಗೆದ ನೆರಳು ಬಿದ್ದರೆ, ಚೊಂಬು ತಾಗಿ ನೀರು ಅಲುಗಿದರೆ ಸರ್ರನೆ ತಳ ಸೇರುತ್ತೆ. ಆ ಕ್ಷಣ ನೋಡಿದವರಿಗೆ ಏನೂ ಕಾಣೋದಿಲ್ಲ.

ಮುಚ್ಚಳ ತೆಗೆದು, ಡ್ರಮ್ ಮುಟ್ಟದೆ ಎರಡು ಮೂರು ನಿಮಿಷ ಸುಮ್ಮನೆ ನಿಲ್ಲಬೇಕು. ಉಸಿರಿಗಾಗಿ ಅವು ಮೇಲೆ ಬರಲೇಬೇಕು. ಆಗ ಮೊಬೈಲ್ ಟಾರ್ಚ್ ಬಿಟ್ಟರೆ ಕುಣಿಯುತ್ತಾ ಓಡಾಡುವ ದಾರದ ಎಳೆಗಳಂತೆ ಕಾಣುತ್ತವೆ. ಅನುಮಾನ ಇದ್ದರೆ ಬಿಳಿ ಬಟ್ಟಲಲ್ಲಿ ನೀರು ತೋಡಿ ಬೆಳಕಿಗೆ ಹಿಡಿಯಬೇಕು. ಬಾಗಿದ ಪ್ಯೂಪಾ ಕಂಡರೆ ಎರಡೇ ದಿನದಲ್ಲಿ ಸೊಳ್ಳೆ ಹಾರುತ್ತೆ ಅಂತ ಅರ್ಥ. ಆ ನೀರನ್ನು ಅವತ್ತೇ ಚೆಲ್ಲಬೇಕು, ಇಲ್ಲವೇ ದಟ್ಟ ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ಹಾಕಬೇಕು.

ಆಕೆ ಮೊದಲ ಸಲ ಹುಳ ಕಂಡಾಗ ಅಜ್ಜಿಯನ್ನು ಕರೆದಿದ್ದಳಂತೆ. "ಅಜ್ಜಿ, ನೀರಲ್ಲಿ ಹುಳ ಐತೆ ನೋಡು" ಅಂದದ್ದಕ್ಕೆ, "ಅದು ನೀರಿನ ಹುಳ ಕಣವ್ವ, ಏನೂ ಮಾಡಲ್ಲ" ಅಂತ ಉತ್ತರ ಬಂತು. ಹುಳ ಕುಡಿದರೆ ಡೆಂಗಿ ಬರೋದಿಲ್ಲ ಅನ್ನೋ ಮಟ್ಟಿಗೆ ಅಜ್ಜಿಯ ಮಾತು ಸರಿ. ಆದರೆ ಅದೇ ಹುಳ ಸೊಳ್ಳೆಯಾಗಿ, ಮನೆಯಲ್ಲೋ ಪಕ್ಕದ ಮನೆಯಲ್ಲೋ ಡೆಂಗಿ ಜ್ವರ ಇರುವವರನ್ನು ಕಚ್ಚಿದರೆ, ಸುಮಾರು ಎಂಟರಿಂದ ಹನ್ನೆರಡು ದಿನದಲ್ಲಿ ವೈರಸ್ ಅದರ ಮೈಯಲ್ಲಿ ಬೆಳೆಯುತ್ತೆ. ಆಮೇಲೆ ಬದುಕಿರುವಷ್ಟು ದಿನ ಅದು ಕಚ್ಚಿದವರಿಗೆಲ್ಲ ಕಾಯಿಲೆ ದಾಟಿಸಬಹುದು.

ಬೆಂಗಳೂರಿನ ಒಂದು ಹಳೇ ತೊಟ್ಟಿ

ಪಾತ್ರೆಯ ನೀರಿಗೂ ಸೊಳ್ಳೆಗೂ ಇರುವ ನಂಟು ಹೊಸ ಸಂಗತಿಯಲ್ಲ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂದು ತೋರಿಸಿ 1902ರಲ್ಲಿ ನೊಬೆಲ್ ಪಡೆದ ರೊನಾಲ್ಡ್ ರಾಸ್ 1883ರ ಸುಮಾರಿಗೆ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆ ವಿಪರೀತವಾದಾಗ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಳ ಇರುವುದನ್ನು ನೋಡಿ, ಅದನ್ನು ಬೋರಲು ಹಾಕಿದರು. ಸೊಳ್ಳೆ ಕಡಿಮೆಯಾಯಿತು. ನೀರು ಸಿಗದಂತೆ ಮಾಡಿದರೆ ಸೊಳ್ಳೆಯನ್ನು ಹಿಡಿತಕ್ಕೆ ತರಬಹುದು ಎಂಬ ಯೋಚನೆ ಅವರಿಗೆ ಅಲ್ಲೇ ಬಂತು. ರಾಮನ್ ಅವರ ದಿನದಂದು ರಾಸ್ ಅವರ ತೊಟ್ಟಿಯನ್ನೂ ನೆನೆಯಬೇಕು ಅಂತ ಆಕೆ ಹೇಳಿದಳು.

ಮನೆಯಲ್ಲಿ ಮಾಡಬೇಕಾದ್ದು

ನೀರು ಬರುವ ದಿನವೇ ತೊಳೆಯುವ ದಿನ. ನಲ್ಲಿ ಬರುವ ಮುಂಚೆ ತಳದ ನೀರನ್ನು ಗಿಡಕ್ಕೋ ಒಣ ನೆಲಕ್ಕೋ ಚೆಲ್ಲಿ, ಒಳಗೋಡೆಯನ್ನು ಸೋಪು ಅಥವಾ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ತೊಳೆದು, ಆಮೇಲೆ ತುಂಬಿಸಬೇಕು. ಉಜ್ಜಿದ ನೀರನ್ನು ಇನ್ನೊಂದು ಬಕೆಟ್ಟಿಗೆ ಸುರಿದಿಡಬಾರದು, ಮೊಟ್ಟೆ ಅಲ್ಲಿಗೆ ಹೋಗಿ ಒಡೆಯುತ್ತೆ. 200 ಲೀಟರ್ ಡ್ರಮ್ಮಿಗೆ ಹತ್ತು ನಿಮಿಷ, ಒಂದು ಬಕೆಟ್ ನೀರು ಸಾಕು. ನೀರು ದಿನಾ ಬರುವ ಮನೆಯಾದರೂ ವಾರಕ್ಕೊಮ್ಮೆ ಇದನ್ನು ಮಾಡಲೇಬೇಕು, ಯಾಕಂದ್ರೆ ಹುಳ ಸೊಳ್ಳೆಯಾಗಲು ಬೇಕಾದ ಸಮಯ ಹೆಚ್ಚುಕಮ್ಮಿ ಅಷ್ಟೇ.

ಮುಚ್ಚಳದ ವಿಷಯದಲ್ಲೂ ಎಡವಟ್ಟು ಆಗುತ್ತೆ. ಸುಮ್ಮನೆ ಮೇಲಿಟ್ಟ ತಟ್ಟೆ, ಹಲಗೆಯ ಸಂದಿಯಲ್ಲಿ ಸೊಳ್ಳೆ ನುಗ್ಗುತ್ತೆ. ಮುಚ್ಚಳ ಇಲ್ಲದಿದ್ದರೆ ಹಳೇ ಪಂಚೆಯನ್ನು ಬಿಗಿಯಾಗಿ ಹೊದಿಸಿ ಸೈಕಲ್ ಟ್ಯೂಬಿನಿಂದ ಕಟ್ಟಬಹುದು. ಬಟ್ಟೆ ಜೋತು ಬಿದ್ದು ನೀರು ಮುಟ್ಟಿದರೆ ಒದ್ದೆ ಬಟ್ಟೆಯ ಮೇಲೇ ಸೊಳ್ಳೆ ಮೊಟ್ಟೆ ಇಡಬಹುದು. ಅಂಚು ಎತ್ತರವಿರುವ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಮಳೆ ನೀರು ನಿಂತರೆ ಆ ಮುಚ್ಚಳವೇ ಇನ್ನೊಂದು ತೊಟ್ಟಿ.

ಖಾಲಿ ಮಾಡಲಾಗದ ಸಂಪ್, ದೊಡ್ಡ ಸಿಮೆಂಟ್ ತೊಟ್ಟಿಗಳಿಗೆ ದಾರಿ ಬೇರೆ. ಸಂಪಿನ ಮುಚ್ಚಳ, ಓವರ್‌ಫ್ಲೋ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು. ಕುಡಿಯಲು ಬಳಸದ ತೊಟ್ಟಿಗೆ ಹುಳ ತಿನ್ನುವ ಗಪ್ಪಿ ಮೀನು ಬಿಡಬಹುದು. ಆಶಾ ಕಾರ್ಯಕರ್ತೆಯರು ಲಾರ್ವಾ ಸಮೀಕ್ಷೆಗೆ ಬಂದಾಗ ಕೇಳಿದರೆ ಮಾಹಿತಿ ಕೊಡುತ್ತಾರೆ. ಆರೋಗ್ಯ ಇಲಾಖೆ ಬಳಸುವ ಟೆಮೆಫಾಸ್ ಔಷಧ ಹುಳವನ್ನು ಕೊಲ್ಲುತ್ತೆ. ಅದನ್ನು ಅಳತೆ ಗೊತ್ತಿರುವ ಸಿಬ್ಬಂದಿಯಿಂದಲೇ ಹಾಕಿಸಬೇಕು, ಕೈಯಂದಾಜಿನಲ್ಲಿ ಸುರಿಯಬಾರದು.

ಎರಡು ತಪ್ಪು ನಂಬಿಕೆ ಬಿಡಬೇಕು. ನಲ್ಲಿ ನೀರಲ್ಲಿ ಕ್ಲೋರಿನ್ ಇದೆ, ಹುಳ ಆಗಲ್ಲ ಅನ್ನೋದು ಒಂದು. ಕುಡಿಯುವ ನೀರಿಗೆ ಹಾಕುವ ಪ್ರಮಾಣದ ಕ್ಲೋರಿನ್‌ಗೆ ಹುಳ ಸಾಯೋದಿಲ್ಲ. ಫಾಗಿಂಗ್ ಹೊಡೆಸಿದರೆ ಸಾಕು ಅನ್ನೋದು ಇನ್ನೊಂದು. ಹೊಗೆ ತಾಗಿದ ಹಾರುವ ಸೊಳ್ಳೆ ಸಾಯಬಹುದು. ಡ್ರಮ್ಮೊಳಗಿನ ಹುಳಕ್ಕೂ ಗೋಡೆಯ ಮೊಟ್ಟೆಗೂ ಅದು ತಾಗೋದೇ ಇಲ್ಲ, ವಾರದೊಳಗೆ ಹೊಸ ಸೊಳ್ಳೆ ತಯಾರು.

ಅಂಗಡಿಯವರೂ ನೋಡಿಕೊಳ್ಳಬೇಕು

ಹಗಲು ಕಚ್ಚುವ ಸೊಳ್ಳೆಯಾದ್ದರಿಂದ ಹಗಲು ಜನ ಸೇರುವ ಅಂಗಡಿಗೂ ಇದು ಸಂಬಂಧಪಟ್ಟ ವಿಷಯ. ಪಂಕ್ಚರ್ ಅಂಗಡಿಯ ಹೊರಗಿನ ಹಳೇ ಟೈರ್, ಟ್ಯೂಬ್ ಪರೀಕ್ಷೆಯ ತೊಟ್ಟಿ, ಎಳನೀರು ಅಂಗಡಿಯ ಬುರುಡೆ ರಾಶಿ, ಗುಜರಿ ಅಂಗಡಿಯ ಡಬ್ಬ, ಹೋಟೆಲಿನ ಕೈತೊಳೆಯುವ ಡ್ರಮ್, ಕೂಲರಿನ ತಳ, ಫ್ರಿಡ್ಜ್ ಹಿಂದಿನ ನೀರಿನ ಟ್ರೇ, ಇವೆಲ್ಲ ಡ್ರಮ್ಮಿನ ತಮ್ಮಂದಿರೇ. ಟೈರಿನಿಂದ ನೀರು ಸುರಿದರೂ ಒಳಗಿನ ಮಡಿಕೆಯಲ್ಲಿ ಸ್ವಲ್ಪ ಉಳಿಯುತ್ತೆ, ಮೊಟ್ಟೆಯೂ ಅಲ್ಲೇ ಇರುತ್ತೆ. ಅದಕ್ಕೆ ಟೈರನ್ನು ಮಳೆ ತಾಗದ ಜಾಗದಲ್ಲಿ ಇಡುವುದೇ ಸರಿ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡವನ್ನೂ ನಿಗದಿ ಮಾಡಿದೆ. ಆ ಅಧಿಸೂಚನೆಯಂತೆ ಮನೆಗಳಿಗೆ ನಗರ ಪ್ರದೇಶದಲ್ಲಿ 400 ರೂ., ಗ್ರಾಮೀಣ ಪ್ರದೇಶದಲ್ಲಿ 200 ರೂ. ಅಂಗಡಿ, ಹೋಟೆಲ್‌ನಂಥ ವಾಣಿಜ್ಯ ಜಾಗಗಳಿಗೆ ನಗರದಲ್ಲಿ 1,000 ರೂ., ಗ್ರಾಮೀಣದಲ್ಲಿ 500 ರೂ.

ಭಾಷಣ ಮುಗಿಸುವಾಗ ಆಕೆ ಯಾರಿಗೂ ಪ್ರತಿಜ್ಞೆ ಬೋಧಿಸಲಿಲ್ಲ. ಈಗ ಮನೆಯಲ್ಲಿ ನೀರು ಬರೋ ದಿನ ಬೆಳಗ್ಗೆ ಡ್ರಮ್ ಬೋರಲು ಹಾಕಿ ತಾನು ಉಜ್ಜುತ್ತೇನೆ, ತಮ್ಮ ಚೊಂಬಲ್ಲಿ ನೀರು ಹಾಕ್ತಾನೆ ಅಂದಳು. "ಅಜ್ಜಿ ಪಕ್ಕದಲ್ಲಿ ನಿಂತು, ಕಂಠದ ಹತ್ರ ಸರಿಯಾಗಿ ಉಜ್ಜವ್ವ, ಅಲ್ಲೇ ಇರ್ತವೆ ಅಂತ ಹೇಳ್ತಾರೆ."